ಥರ್ಮೊಕೋಲಿನ ಮೂರು ಸೆಂಟಿಮೀಟರ್: ಹೆಲ್ಮೆಟ್‌ನ ಗುರುತು, ಅಳತೆ ಮತ್ತು ಬಿದ್ದ ಮೇಲಿನ ತೀರ್ಮಾನದ ಬಗ್ಗೆ ಒಂದು ಟಿಪ್ಪಣಿ

ಸ್ಕೂಟರ್ ಜಾರಿ ಬಿದ್ದವರು ಮೈಕೈ ನೋಡಿಕೊಂಡು ಎದ್ದ ಮೇಲೆ ಹೆಲ್ಮೆಟ್ಟನ್ನೂ ಒಮ್ಮೆ ತಿರುಗಿಸಿ ನೋಡುತ್ತಾರೆ. ಬಣ್ಣ ಕೆರೆದುಹೋಗಿದೆ, ಬಿರುಕು ಕಾಣುವುದಿಲ್ಲ, ಗಾಜು ಸರಿಯಾಗಿದೆ. ‘ಏನೂ ಆಗಿಲ್ಲ’ ಎಂದು ಅದನ್ನೇ ಮತ್ತೆ ತಲೆಗೇರಿಸುತ್ತಾರೆ. ಈ ತೀರ್ಮಾನ ಎಷ್ಟು ಸರಿ ಎಂಬುದು ಈ ಟಿಪ್ಪಣಿಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವಾಗ ಇನ್ನೆರಡು ಪ್ರಶ್ನೆಗಳು ತಾವಾಗಿಯೇ ಬರುತ್ತವೆ: ಐಎಸ್‌ಐ ಗುರುತು ಯಾವುದಕ್ಕೆ ಖಾತರಿ ಕೊಡುತ್ತದೆ, ಮತ್ತು ಗುರುತಿರುವ ಹೆಲ್ಮೆಟ್ ತಲೆಗೆ ಸರಿಹೊಂದದಿದ್ದರೆ ಆ ಖಾತರಿ ಏನಾಗುತ್ತದೆ. ಮೂರಕ್ಕೂ ಉತ್ತರ ಹೆಲ್ಮೆಟ್‌ನ ಒಂದೇ ಭಾಗದಲ್ಲಿದೆ. ಅದು ಹೊರಗಿನಿಂದ ಕಾಣದ ಭಾಗ.

ಹೆಲ್ಮೆಟ್‌ನ ಒಳಗಿನ ಬಟ್ಟೆಯ ಮೆತ್ತೆಯನ್ನು ಬಿಡಿಸಿ ತೆಗೆದರೆ ಸುಮಾರು ಮೂರರಿಂದ ಮೂರೂವರೆ ಸೆಂಟಿಮೀಟರ್ ದಪ್ಪದ ಥರ್ಮೊಕೋಲ್ ಪದರ ಕಾಣುತ್ತದೆ. ಟಿವಿ, ಮಿಕ್ಸಿಗಳ ಪೆಟ್ಟಿಗೆಯಲ್ಲಿ ಬರುವ ಪಾಲಿಸ್ಟೈರೀನ್ ನೊರೆಯೇ ಇದು. ಆದರೆ ಎರಡು ಮೂರು ಪಟ್ಟು ದಟ್ಟವಾದದ್ದು. ಹೊರಚಿಪ್ಪು ಎಬಿಎಸ್ ಪ್ಲಾಸ್ಟಿಕ್, ಪಾಲಿಕಾರ್ಬೊನೇಟ್ ಅಥವಾ ಫೈಬರ್‌ಗ್ಲಾಸ್‌ನದಾಗಿರುತ್ತದೆ. ಕಲ್ಲಿನ ಮೊನೆ ಒಳನುಗ್ಗದಂತೆ ತಡೆಯುವುದು, ಒಂದು ಬಿಂದುವಿಗೆ ಬಿದ್ದ ಪೆಟ್ಟನ್ನು ಅಗಲವಾಗಿ ಹರಡುವುದು, ರಸ್ತೆಯ ಮೇಲೆ ಜಾರಲು ಬಿಡುವುದು ಅದರ ಕೆಲಸ. ಪೆಟ್ಟಿನ ಶಕ್ತಿಯ ಬಹುಪಾಲನ್ನು ನುಂಗುವುದು ಮಾತ್ರ ಥರ್ಮೊಕೋಲ್. ಅದರಲ್ಲಿರುವ ಲಕ್ಷಾಂತರ ಗಾಳಿಗೂಡುಗಳ ಗೋಡೆಗಳು ಮಡಿಚಿ, ಮುರಿದು ಹೋಗುತ್ತವೆ. ಹಾಗೆ ಮುರಿಯುವುದಕ್ಕೇ ಶಕ್ತಿ ವ್ಯಯವಾಗುತ್ತದೆ. ಆ ಹೊತ್ತಿನಲ್ಲಿ ತಲೆಗೆ ನಿಲ್ಲಲು ಒಂದಿಷ್ಟು ದೂರ ಸಿಗುತ್ತದೆ.

ಈ ಪದರ ಮೊದಲಿನಿಂದಲೂ ಹೆಲ್ಮೆಟ್‌ನಲ್ಲಿ ಇರಲಿಲ್ಲ. ‘ಅರೇಬಿಯಾದ ಲಾರೆನ್ಸ್’ ಎಂದೇ ಹೆಸರಾದ ಟಿ. ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಮೋಟಾರ್‌ಸೈಕಲ್ ಅಪಘಾತಕ್ಕೀಡಾಗಿ, ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ನರಶಸ್ತ್ರತಜ್ಞ ಹ್ಯೂ ಕೇರ್ನ್ಸ್ ಒಬ್ಬರು. ಅವರು 1941ರಲ್ಲಿ, ಯುದ್ಧಕಾಲದ ಮೋಟಾರ್‌ಸೈಕಲ್ ಸವಾರರ ತಲೆಗಾಯಗಳನ್ನು ಆಧರಿಸಿ, ಹೆಲ್ಮೆಟ್‌ನ ಉಪಯೋಗವನ್ನು ತೋರಿಸುವ ಪ್ರಬಂಧ ಪ್ರಕಟಿಸಿದರು. ಅವರ ಕಾಲದ ಹೆಲ್ಮೆಟ್ಟುಗಳಲ್ಲಿ ಗಟ್ಟಿ ಚಿಪ್ಪು ಮತ್ತು ತಲೆಯನ್ನು ಅದರಿಂದ ದೂರವಿಡುವ ಪಟ್ಟಿಗಳ ಜಾಲವಷ್ಟೇ ಇರುತ್ತಿತ್ತು. ಪೆಟ್ಟು ಬಿದ್ದಾಗ ಕುಸಿದು ಶಕ್ತಿ ಹೀರುವ ಒಳಪದರದ ಕಲ್ಪನೆಗೆ ಅಮೆರಿಕದ ಲೊಂಬಾರ್ಡ್ ಮತ್ತು ರಾತ್ ಅವರ 1953ರ ಪೇಟೆಂಟ್ ಅಡಿಪಾಯ. ಇಂದಿನ ಎಲ್ಲ ಮಾನದಂಡಗಳೂ ಮುಖ್ಯವಾಗಿ ಪರೀಕ್ಷಿಸುವುದು ಆ ಕಲ್ಪನೆಯನ್ನೇ.

ದೂರದ ಲೆಕ್ಕ

ಸಣ್ಣದೊಂದು ಲೆಕ್ಕ ಮಾಡೋಣ. ಯುರೋಪಿನ ಇಸಿಇ 22.05 ಮಾನದಂಡದಲ್ಲಿ ಲೋಹದ ಕೃತಕ ತಲೆಗೆ ಹೆಲ್ಮೆಟ್ ತೊಡಿಸಿ ಉಕ್ಕಿನ ಅಡಿಗಲ್ಲಿನ ಮೇಲೆ ಸೆಕೆಂಡಿಗೆ 7.5 ಮೀಟರ್ ವೇಗದಲ್ಲಿ ಬೀಳಿಸುತ್ತಿದ್ದರು. ಇದು ಸುಮಾರು 2.87 ಮೀಟರ್ ಎತ್ತರದಿಂದ ಬಿದ್ದುದಕ್ಕೆ ಸಮ. ಗಂಟೆಗೆ 27 ಕಿಲೋಮೀಟರ್. ಕೃತಕ ತಲೆಯೊಳಗಿನ ಮಾಪಕ ತೋರಿಸುವ ಆಘಾತ ಗುರುತ್ವದ 275 ಪಟ್ಟು, ಅಂದರೆ 275 ಜಿ ಮೀರುವಂತಿರಲಿಲ್ಲ.

ಮೂರೂವರೆ ಸೆಂಟಿಮೀಟರ್ ಥರ್ಮೊಕೋಲ್ ಪೂರ್ತಿ ಕುಸಿಯುವುದಿಲ್ಲ. ದಪ್ಪದ ಮೂರನೇ ಎರಡು ಭಾಗದಷ್ಟು, ಹೆಚ್ಚುಕಡಿಮೆ 23 ಮಿಲಿಮೀಟರ್ ಕುಸಿದ ಮೇಲೆ ಗೂಡುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಗಟ್ಟಿ ಹಲಗೆಯಾಗುತ್ತದೆ. ಆ 23 ಮಿಲಿಮೀಟರಿನಲ್ಲಿ ತಲೆ ಒಂದೇ ಸಮನಾಗಿ ವೇಗ ಕಳೆದುಕೊಂಡು ನಿಂತರೆ ಸರಾಸರಿ ಆಘಾತ ಸುಮಾರು 125 ಜಿ ಆಗುತ್ತದೆ. ನಿಜದ ಪೆಟ್ಟು ಒಂದೇ ಸಮನಾಗಿರುವುದಿಲ್ಲ, ಶಿಖರ ಇದಕ್ಕಿಂತ ಬಹಳ ಮೇಲಿರುತ್ತದೆ. ಆದರೂ 275ರ ಕೆಳಗೆ ನಿಲ್ಲಲು ಅವಕಾಶವಿದೆ. ಅದೇ ವೇಗದಲ್ಲಿ ನಿಲ್ಲಲು ಐದೇ ಮಿಲಿಮೀಟರ್ ಸಿಕ್ಕರೆ ಸರಾಸರಿಯೇ 570 ಜಿ ದಾಟುತ್ತದೆ. ರಸ್ತೆ ಬದಿಯ ಅಗ್ಗದ ಟೋಪಿಗಳಲ್ಲಿ ಥರ್ಮೊಕೋಲ್ ಬದಲು ತೆಳು ಸ್ಪಂಜು ಇರುವುದುಂಟು. ಸ್ಪಂಜು ಬೆರಳಿಗೆ ಹಿತವಾಗಿರುತ್ತದೆ, ಒತ್ತಿದರೆ ಒತ್ತಿಸಿಕೊಳ್ಳುತ್ತದೆ. ಯಾವ ಪ್ರತಿರೋಧವನ್ನೂ ಒಡ್ಡದೆ ಕುಸಿದು ತಲೆಯನ್ನು ಚಿಪ್ಪಿಗೆ ಒಪ್ಪಿಸಿಬಿಡುವುದೇ ಅದರ ದೋಷ.

‘ನಾನು ಓಡಿಸುವುದೇ ಮೂವತ್ತರಲ್ಲಿ’ ಎನ್ನುವವರಿಗೂ ಈ ಲೆಕ್ಕದಲ್ಲಿ ಪಾಲಿದೆ. ಸ್ಕೂಟರಿನ ಮೇಲೆ ಕುಳಿತವರ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಗಾಡಿ ಜಾರಿದಾಗ ತಲೆ ಆ ಎತ್ತರದಿಂದ ನೆಲಕ್ಕೆ ಬೀಳುತ್ತದೆ. ಕೆಳಮುಖ ವೇಗ ಸೆಕೆಂಡಿಗೆ 5.4 ಮೀಟರ್. ಗಾಡಿ ಇಪ್ಪತ್ತರಲ್ಲಿದ್ದರೂ ಐವತ್ತರಲ್ಲಿದ್ದರೂ ಈ ಸಂಖ್ಯೆ ಹೆಚ್ಚು ಬದಲಾಗದು. ಮುಮ್ಮುಖ ವೇಗ ಹೆಚ್ಚಾದಷ್ಟೂ ಉಜ್ಜುವಿಕೆ, ತಲೆ ತಿರುಚುವಿಕೆ, ಕಂಬಕ್ಕೋ ಡಿವೈಡರಿಗೋ ನೇರವಾಗಿ ಬಡಿಯುವ ಅಪಾಯ ಹೆಚ್ಚುತ್ತವೆ. ಆದರೆ ಸಿಗ್ನಲ್ಲಿನಲ್ಲಿ ನಿಂತಲ್ಲೇ ವಾಲಿ ಬಿದ್ದರೂ ಎತ್ತರ ಅಷ್ಟೇ. ತಲೆ ತಿರುಚುವ ಆಘಾತವನ್ನು 22.05 ಅಳೆಯುತ್ತಿರಲಿಲ್ಲ. ಅದರ ನಂತರ ಬಂದ 22.06ರಲ್ಲಿ ಓರೆಯಾದ ಅಡಿಗಲ್ಲಿನ ಮೇಲೆ ಬೀಳಿಸುವ ಪರೀಕ್ಷೆ ಸೇರಿದೆ. ಹೆಚ್ಚು ವೇಗದ ಜೊತೆಗೆ ಕಡಿಮೆ ವೇಗದ ಪೆಟ್ಟನ್ನೂ ಪರೀಕ್ಷಿಸುತ್ತಾರೆ. ಕಡಿಮೆ ವೇಗದ ಪರೀಕ್ಷೆಗೆ ಕಾರಣವಿದೆ: ದೊಡ್ಡ ಪೆಟ್ಟಿಗೆಂದೇ ಥರ್ಮೊಕೋಲನ್ನು ತೀರಾ ಗಟ್ಟಿ ಮಾಡಿದರೆ ಸಣ್ಣ ಪೆಟ್ಟಿಗೆ ಅದು ಕುಸಿಯುವುದೇ ಇಲ್ಲ.

ಗುರುತು ಏನನ್ನು ಹೇಳುತ್ತದೆ

ಭಾರತದಲ್ಲಿ ದ್ವಿಚಕ್ರ ಸವಾರರ ಹೆಲ್ಮೆಟ್‌ಗೆ ಅನ್ವಯಿಸುವ ಮಾನದಂಡ ಐಎಸ್ 4151. ಅದರ ನಾಲ್ಕನೆಯ ಪರಿಷ್ಕರಣೆ 2015ರದು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2020ರ ನವೆಂಬರಿನಲ್ಲಿ ಹೊರಡಿಸಿದ ಗುಣಮಟ್ಟ ನಿಯಂತ್ರಣ ಆದೇಶ 2021ರ ಜೂನ್ 1ರಿಂದ ಜಾರಿಗೆ ಬಂತು. ಅಂದಿನಿಂದ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಅಪರಾಧ. ಮೋಟಾರು ವಾಹನ ಕಾಯ್ದೆಯ 129ನೇ ಕಲಮು 2019ರ ತಿದ್ದುಪಡಿಯ ನಂತರ ನಾಲ್ಕು ವರ್ಷ ದಾಟಿದ ಎಲ್ಲರಿಗೂ, ಹಿಂಬದಿ ಸವಾರರಿಗೂ, ಹೆಲ್ಮೆಟ್ ಕಡ್ಡಾಯ ಮಾಡುತ್ತದೆ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೆ ಅದು 2016ರ ಜನವರಿಯಿಂದಲೇ ಕಡ್ಡಾಯವಾಗಿತ್ತು. ಅದೇ ಕಲಮು ಪಟ್ಟಿಯನ್ನು ಭದ್ರವಾಗಿ ಬಿಗಿದಿರಬೇಕೆಂದೂ ಹೇಳುತ್ತದೆ. ದಂಡದ ಭಯಕ್ಕೆ ತಲೆಯ ಮೇಲಿಟ್ಟುಕೊಂಡು ಹೋಗುವವರು ಆ ಮಾತನ್ನು ಕೇಳಿಸಿಕೊಂಡಂತಿಲ್ಲ.

ಗುರುತನ್ನು ಓದಲು ಕಲಿಯಬೇಕು. ಸರಿಯಾದ ಐಎಸ್‌ಐ ಗುರುತಿನಲ್ಲಿ ಮೂರು ಸಂಗತಿಗಳಿರುತ್ತವೆ: ಮಧ್ಯದಲ್ಲಿ ಲಾಂಛನ, ಅದರ ಮೇಲೆ ಮಾನದಂಡದ ಸಂಖ್ಯೆ, ಕೆಳಗೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ. ಬರೀ ಲಾಂಛನದ ಸ್ಟಿಕ್ಕರ್ ಅಂಟಿಸಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಮೇಲಿನ ಸಂಖ್ಯೆಯನ್ನು ಓದಬೇಕಾದ್ದು ಇನ್ನೊಂದು ಕಾರಣಕ್ಕೆ. ಕಟ್ಟಡ ಕೆಲಸದ ಹಳದಿ ಹೆಲ್ಮೆಟ್ ಹಾಕಿಕೊಂಡು ಸ್ಕೂಟರ್ ಓಡಿಸುವವರನ್ನು ನಮ್ಮ ಊರುಗಳಲ್ಲಿ ಈಗಲೂ ಕಾಣುತ್ತೇವೆ. ಅದರ ಮೇಲೂ ಅಸಲಿ ಐಎಸ್‌ಐ ಗುರುತಿರಬಹುದು, ಆದರೆ ಸಂಖ್ಯೆ ಐಎಸ್ 2925. ಅದು ಕೈಗಾರಿಕಾ ಹೆಲ್ಮೆಟ್‌ನ ಮಾನದಂಡ. ಮೇಲಿನಿಂದ ಬೀಳುವ ವಸ್ತುವಿನಿಂದ ರಕ್ಷಿಸುವುದು ಅದರ ಉದ್ದೇಶ. ಪಕ್ಕಕ್ಕೆ, ಹಿಂದಕ್ಕೆ ಬಿದ್ದ ತಲೆಗೆ ಅದು ಆಗಿಬರುವುದಿಲ್ಲ.

ಮೂರನೆಯದಾದ ಪರವಾನಗಿ ಸಂಖ್ಯೆಯೇ ನಿಜವಾದ ಪರೀಕ್ಷೆ. ಭಾರತೀಯ ಮಾನಕ ಬ್ಯೂರೋದ BIS Care ಆ್ಯಪ್‌ನಲ್ಲಿ Verify Licence Details ಎಂಬ ಆಯ್ಕೆಯಿದೆ. ಅಲ್ಲಿ ಸಂಖ್ಯೆ ಹಾಕಿದರೆ ತಯಾರಕರ ಹೆಸರು, ವಿಳಾಸ, ಉತ್ಪನ್ನ, ಪರವಾನಗಿ ಜೀವಂತವಾಗಿದೆಯೇ ಎಂಬ ವಿವರ ಬರುತ್ತದೆ. ಹೆಲ್ಮೆಟ್‌ನ ಮೇಲಿರುವ ತಯಾರಕರ ಹೆಸರಿಗೂ ಪರದೆಯ ಮೇಲಿನ ಹೆಸರಿಗೂ ತಾಳೆಯಾಗಬೇಕು. ಬೇರೆ ಯಾವುದೋ ಉತ್ಪನ್ನದ ಸಂಖ್ಯೆಯನ್ನು ನಕಲು ಮಾಡಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಅಸಲಿ ತಯಾರಕರ ಸಂಖ್ಯೆಯನ್ನೇ ಅವರ ಹೆಸರಿನೊಂದಿಗೆ ನಕಲು ಮಾಡಿದ್ದರೆ ಮಾತ್ರ ಆ್ಯಪ್‌ನಿಂದ ಗೊತ್ತಾಗದು. ಬಿಲ್ ಕೊಡುವ ಅಂಗಡಿಯಲ್ಲಿ ಕೊಳ್ಳುವುದೇ ಅದಕ್ಕೆ ಉಪಾಯ. ಸಂಖ್ಯೆ ಪರಿಶೀಲಿಸುವುದು ಅತಿಯಾದ ಎಚ್ಚರಿಕೆ ಅನ್ನಿಸಬಹುದು. ಆದರೆ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2025ರಲ್ಲಿ ತಿಳಿಸಿದ ದೆಹಲಿಯ ಒಂದು ಕಾರ್ಯಾಚರಣೆಯಲ್ಲಿ 2,500ಕ್ಕೂ ಹೆಚ್ಚು ಹೆಲ್ಮೆಟ್ಟುಗಳನ್ನು ವಶಪಡಿಸಿಕೊಂಡದ್ದು, ಪರವಾನಗಿ ಮುಗಿದುಹೋಗಿದ್ದ ಅಥವಾ ರದ್ದಾಗಿದ್ದ ಒಂಬತ್ತು ತಯಾರಕರಿಂದ. ಹಿಂದೆಂದೋ ನಿಜವಾಗಿದ್ದ ಸಂಖ್ಯೆಯೂ ಇಂದು ಸತ್ತಿರಬಹುದು.

ಇಷ್ಟಾದರೂ ಗುರುತಿನ ಮಿತಿಯನ್ನು ಮರೆಯುವಂತಿಲ್ಲ. ಪರೀಕ್ಷೆಗೆ ಒಳಗಾಗುವುದು ಮಾದರಿಗಳು. ನಿಮ್ಮ ಕೈಯಲ್ಲಿರುವ ಹೆಲ್ಮೆಟ್ಟನ್ನು ಯಾರೂ ಬೀಳಿಸಿ ನೋಡಿಲ್ಲ, ನೋಡಿದ್ದರೆ ಅದು ಮಾರಾಟಕ್ಕೆ ಉಳಿಯುತ್ತಿರಲಿಲ್ಲ. ಅಮೆರಿಕದ ಡಾಟ್ ಗುರುತಂತೂ ತಯಾರಕರು ತಾವೇ ಪ್ರಮಾಣೀಕರಿಸಿಕೊಂಡು ಹಾಕುವಂಥದ್ದು. ಸರ್ಕಾರ ಆಮೇಲೆ ಮಾರುಕಟ್ಟೆಯಿಂದ ಕೆಲವನ್ನು ಕೊಂಡು ಪರೀಕ್ಷಿಸುತ್ತದೆ. ಆ ಅಕ್ಷರಗಳ ಸ್ಟಿಕ್ಕರನ್ನು ನೋಡಿ ವಿದೇಶಿ ಗುಣಮಟ್ಟವೆಂದು ಹೆಚ್ಚು ಹಣ ಕೊಡುವವರು, ಅದರ ಜೊತೆಗೆ ಐಎಸ್ 4151 ಇದೆಯೇ ಎಂದು ನೋಡಲಿ. ಭಾರತದಲ್ಲಿ ಮಾರಲು ಅದಿಲ್ಲದೆ ಆಗದು.

ತಲೆಗೂ ಚಿಪ್ಪಿಗೂ ನಡುವೆ

ಪ್ರಯೋಗಾಲಯದಲ್ಲಿ ಕೃತಕ ತಲೆಯ ಅಳತೆಗೆ ತಕ್ಕ ಹೆಲ್ಮೆಟ್ಟನ್ನೇ ತೊಡಿಸುತ್ತಾರೆ. ಅಂಗಡಿಯಲ್ಲಿ ಹಾಗಾಗುವುದಿಲ್ಲ. ಹೊಸ ಗಾಡಿಯ ಜೊತೆ ಹೆಲ್ಮೆಟ್ ಕೊಡಬೇಕೆಂಬ ನಿಯಮ ಕೇಂದ್ರ ಮೋಟಾರು ವಾಹನ ನಿಯಮಾವಳಿಯಲ್ಲಿದೆ. ಕೊಟ್ಟದ್ದನ್ನು ಅಳತೆ ನೋಡದೆ ತರುವವರೇ ಹೆಚ್ಚು. ಮನೆಯಲ್ಲಿ ಅದೇ ಹೆಲ್ಮೆಟ್ ಅಪ್ಪನಿಂದ ಮಗಳಿಗೆ, ಮಗಳಿಂದ ನೆಂಟರಿಗೆ ಓಡಾಡುತ್ತದೆ.

ಅಳತೆ ತೆಗೆಯುವುದು ಸುಲಭ. ದರ್ಜಿಯ ಟೇಪನ್ನು ಹುಬ್ಬಿನಿಂದ ಒಂದಂಗುಲ ಮೇಲೆ ಇಟ್ಟು, ಕಿವಿಗಳ ಮೇಲಿಂದ ಹಾಯಿಸಿ, ತಲೆಯ ಹಿಂಭಾಗ ಹೆಚ್ಚು ಉಬ್ಬಿರುವ ಜಾಗದ ಸುತ್ತ ತರಬೇಕು. ನಮ್ಮ ಮಾರುಕಟ್ಟೆಯ ಹೆಲ್ಮೆಟ್ಟುಗಳಲ್ಲಿ ಸಾಮಾನ್ಯವಾಗಿ 580 ಮಿಲಿಮೀಟರನ್ನು ಮೀಡಿಯಂ, 600ನ್ನು ಲಾರ್ಜ್ ಎಂದು ಬರೆದಿರುತ್ತಾರೆ. ಅಳತೆ ಎರಡರ ನಡುವೆ ಬಂದರೆ ಮೊದಲು ಚಿಕ್ಕದನ್ನು ಹಾಕಿ ನೋಡುವುದು ಒಳ್ಳೆಯದು, ಏಕೆಂದರೆ ಒಳಗಿನ ಬಟ್ಟೆಮೆತ್ತೆ ಕೆಲವು ವಾರಗಳಲ್ಲಿ ಅದುಮಿಕೊಳ್ಳುತ್ತದೆ, ಥರ್ಮೊಕೋಲ್ ಅದುಮಿಕೊಳ್ಳುವುದಿಲ್ಲ. ಇಂದು ಅಂಗಡಿಯಲ್ಲಿ ಹಾಯಾಗಿರುವುದು ಎರಡು ತಿಂಗಳಲ್ಲಿ ಸಡಿಲವಾಗುತ್ತದೆ.

ಸುತ್ತಳತೆ ಸರಿಯಿದ್ದೂ ಹೆಲ್ಮೆಟ್ ಹೊಂದದೇ ಇರಬಹುದು. ಒಂದೇ ಸುತ್ತಳತೆಯ ಇಬ್ಬರಲ್ಲಿ ಒಬ್ಬರ ತಲೆ ಮುಂದಿನಿಂದ ಹಿಂದಕ್ಕೆ ಉದ್ದ, ಇನ್ನೊಬ್ಬರದು ದುಂಡಗೆ. ಇದನ್ನು ಟೇಪು ಹೇಳುವುದಿಲ್ಲ, ಹಣೆ ಹೇಳುತ್ತದೆ. ಅಂಗಡಿಯಲ್ಲೇ ಕಾಲು ಗಂಟೆ ಹಾಕಿಕೊಂಡು ಕೂರಬೇಕು. ಅಂಗಡಿಯವರು ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ. ತೆಗೆದಾಗ ಹಣೆಯ ಮಧ್ಯದಲ್ಲಿ ಮಾತ್ರ ಕೆಂಪು ಗುರುತು ಬಿದ್ದು ನೋಯುತ್ತಿದ್ದರೆ ಹೆಲ್ಮೆಟ್ ನಿಮ್ಮ ತಲೆಗಿಂತ ದುಂಡಗಿದೆ. ಕಣತಲೆಗಳಲ್ಲಿ ಒತ್ತುತ್ತಿದ್ದರೆ ನಿಮ್ಮ ತಲೆಯೇ ದುಂಡಗಿದೆ. ಒಂದು ಸೈಜ್ ದೊಡ್ಡದು ತೆಗೆದುಕೊಂಡರೆ ನೋವು ಹೋಗುತ್ತದೆ, ಬಿಗಿಯೂ ಹೋಗುತ್ತದೆ. ಬೇರೆ ಮಾದರಿ ಹುಡುಕುವುದೇ ದಾರಿ. ಒತ್ತುವ ಕಡೆ ಥರ್ಮೊಕೋಲನ್ನು ಹೆಬ್ಬೆರಳಿನಿಂದಲೋ ಚಮಚದಿಂದಲೋ ಅದುಮಿ ಜಾಗ ಮಾಡಿಕೊಡುವ ಅಂಗಡಿಯವರನ್ನು ನೋಡಿದ್ದೇನೆ. ಅಪಘಾತದ ದಿನಕ್ಕೆಂದು ಇಟ್ಟ ದೂರವನ್ನು ಕೊಳ್ಳುವ ದಿನವೇ ಖರ್ಚು ಮಾಡಿದಂತಾಯಿತು.

ಬಿಗಿ ಸರಿಯಿದೆಯೇ ಎಂದು ತಿಳಿಯಲು ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಬೇಕು. ಹಣೆಯ ಚರ್ಮ, ಕೆನ್ನೆ ಅದರ ಜೊತೆಗೇ ಸರಿದರೆ ಸರಿ; ಹೆಲ್ಮೆಟ್ ಮಾತ್ರ ಸರಿದು ಮುಖ ಅಲ್ಲೇ ಉಳಿದರೆ ದೊಡ್ಡದಾಯಿತು. ಆಮೇಲೆ ಪಟ್ಟಿ ಬಿಗಿದುಕೊಂಡು, ಹಿಂದೆ ನಿಂತವರಿಗೆ ಹೆಲ್ಮೆಟ್‌ನ ಹಿಂಬದಿಯ ಅಂಚನ್ನು ಹಿಡಿದು ಮೇಲಕ್ಕೆ, ಮುಂದಕ್ಕೆ ಉರುಳಿಸಲು ಹೇಳಬೇಕು. ಕಳಚಿ ಮುಂದಕ್ಕೆ ಬಂದರೆ ಅದು ಅಪಘಾತದಲ್ಲೂ ಹಾಗೆಯೇ ಬರುತ್ತದೆ. ಇಸಿಇ 22.05ರಲ್ಲಿ ಇದೇ ಪರೀಕ್ಷೆ ಹೆಚ್ಚು ಬಿರುಸಾಗಿತ್ತು: ಹಿಂಬದಿಯ ಅಂಚಿಗೆ ಕಟ್ಟಿದ ತಂತಿಯನ್ನು, ಅರ್ಧ ಮೀಟರ್ ಎತ್ತರದಿಂದ ಬೀಳುವ 10 ಕಿಲೋ ತೂಕ ಎಳೆಯುತ್ತಿತ್ತು, ಹೆಲ್ಮೆಟ್ 30 ಡಿಗ್ರಿಗಿಂತ ಹೆಚ್ಚು ತಿರುಗುವಂತಿರಲಿಲ್ಲ. ತಲೆಯ ಅಳತೆಯ ಹೆಲ್ಮೆಟ್‌ಗೇ ಇಷ್ಟು ಪರೀಕ್ಷೆ. ಅಳತೆಗಿಂತ ದೊಡ್ಡದು, ಪಟ್ಟಿಯೂ ಸಡಿಲ ಎಂದಾದರೆ ಮೊದಲ ಪೆಟ್ಟಿಗೇ ಅದು ಹಾರಿಹೋಗುತ್ತದೆ. ಪಟ್ಟಿ ಗದ್ದದ ತುದಿಯಲ್ಲಿರದೆ ಅದರ ಹಿಂದೆ, ಗಂಟಲಿಗೆ ತಾಗಿ ಕೂರಬೇಕು; ಒಂದೆರಡು ಬೆರಳು ಮಾತ್ರ ತೂರುವಷ್ಟು ಬಿಗಿ. ಒತ್ತಿದರೆ ಬಿಚ್ಚುವ ಬಕಲ್ ಇರುವವರು ಪಟ್ಟಿಯ ಉದ್ದವನ್ನು ಒಮ್ಮೆ ಹೊಂದಿಸಿ ಮರೆತುಬಿಡುತ್ತಾರೆ. ದಿನದಿನಕ್ಕೆ ಅದು ಜಾರಿ ಸಡಿಲವಾದದ್ದು ‘ಟಕ್’ ಎಂಬ ಸದ್ದಿನಲ್ಲಿ ಗೊತ್ತಾಗುವುದಿಲ್ಲ.

ಅಂಗಡಿಯವರು ಯಾರೂ ಹೇಳದ ಮಾತೊಂದಿದೆ. ಹೆಂಗಸರು ಎತ್ತಿ ಕಟ್ಟಿದ ತುರುಬಿನ ಮೇಲೆ ಹೆಲ್ಮೆಟ್ ಹಾಕಿಕೊಂಡಾಗ ಅದು ಹಿಂದೆ ಎತ್ತರವಾಗಿ ನಿಲ್ಲುತ್ತದೆ, ತಲೆಯ ಹಿಂಭಾಗ ಥರ್ಮೊಕೋಲಿಗೆ ತಾಗುವುದೇ ಇಲ್ಲ. ಇದನ್ನು ಸರಿಮಾಡಲೆಂದು ದೊಡ್ಡ ಸೈಜ್ ಕೊಳ್ಳುವುದು ತಪ್ಪು ಪರಿಹಾರ. ಜಡೆಯನ್ನು ಕತ್ತಿನ ಬುಡದಲ್ಲಿ, ಹೆಲ್ಮೆಟ್‌ನ ಅಂಚಿನ ಕೆಳಗೆ ಬರುವಂತೆ ಹೆಣೆದು, ಹೇರ್‌ಪಿನ್ನು ಕ್ಲಿಪ್ಪುಗಳನ್ನು ತೆಗೆದು ಹಾಕಿಕೊಳ್ಳಬೇಕು. ಮಲ್ಲಿಗೆ ಮುಡಿಯುವವರು ಅದನ್ನೂ ಆ ಅಂಚಿನ ಕೆಳಗೇ ಮುಡಿಯಬೇಕು. ಬೆವರಿಗೆಂದು ತಲೆಗೆ ಕರವಸ್ತ್ರ ಸುತ್ತಿಕೊಳ್ಳುವವರು ಅದೇ ಕರವಸ್ತ್ರ ಸುತ್ತಿಕೊಂಡೇ ಅಳತೆ ನೋಡಬೇಕು. ಚಿಕ್ಕಮಕ್ಕಳಿಗೆ ದೊಡ್ಡವರ ಹೆಲ್ಮೆಟ್ ಹಾಕುವುದರಿಂದ ಕತ್ತಿನ ಮೇಲೆ ಭಾರ ಬೀಳುವುದಷ್ಟೇ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ 2023ರ ಫೆಬ್ರುವರಿಯಿಂದ ಜಾರಿಯಲ್ಲಿರುವ ನಿಯಮ ತಲೆಗೆ ಹೊಂದುವ ಹೆಲ್ಮೆಟ್ಟನ್ನೇ ಕೇಳುತ್ತದೆ, ಸೈಕಲ್ ಹೆಲ್ಮೆಟ್ಟನ್ನೂ ಒಪ್ಪುತ್ತದೆ. ಗಾಡಿಯ ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು.

ಬಿದ್ದ ಹೆಲ್ಮೆಟ್‌ನ ಒಳಗೆ

ಈಗ ಮೊದಲ ಪ್ರಶ್ನೆಗೆ ಬರಬಹುದು. ಪರಿಚಯದ ಶಿಕ್ಷಕರೊಬ್ಬರು ಮಳೆ ಹಿಡಿದ ಸಂಜೆ ಜೀಬ್ರಾ ಪಟ್ಟೆಯ ಬಣ್ಣದ ಮೇಲೆ ಸ್ಕೂಟರ್ ಜಾರಿಸಿಕೊಂಡು ಎಡಕ್ಕೆ ಬಿದ್ದರು. ವೇಗ ಇಪ್ಪತ್ತೈದರ ಆಸುಪಾಸು. ತಲೆಯ ಎಡಹಿಂಭಾಗ ರಸ್ತೆಗೆ ಬಡಿಯಿತು. ಆಸ್ಪತ್ರೆಯಲ್ಲಿ ನೋಡಿ ತೊಂದರೆಯಿಲ್ಲವೆಂದರು. ಅವರ ಪೂರ್ಣ ಮುಖದ, ಎಬಿಎಸ್ ಚಿಪ್ಪಿನ ಹೆಲ್ಮೆಟ್ಟನ್ನು ಬಿಚ್ಚಿ ನೋಡಲು ಕೇಳಿ ಪಡೆದೆ.

ಹೊರಗೆ ಎರಡು ಬೆರಳಗಲ ಬಣ್ಣ ಕೆರೆದಿತ್ತು. ಚಿಪ್ಪಿನಲ್ಲಿ ಬಿರುಕಿಲ್ಲ, ತಗ್ಗಿಲ್ಲ. ಎಬಿಎಸ್, ಪಾಲಿಕಾರ್ಬೊನೇಟ್ ಚಿಪ್ಪುಗಳ ಗುಣವೇ ಹಾಗೆ: ಒಳಕ್ಕೆ ಬಗ್ಗಿ, ಒಳಗಿನದನ್ನು ಅದುಮಿ, ಮತ್ತೆ ಹೊರಕ್ಕೆ ನೆಗೆದು ಮೊದಲಿನ ಆಕಾರಕ್ಕೆ ಬರುತ್ತವೆ. ಫೈಬರ್‌ಗ್ಲಾಸ್ ಆಗಿದ್ದರೆ ನಕ್ಷತ್ರದಂತೆ ಹರಡಿದ ಬಿರುಕೋ, ಪದರ ಬಿಟ್ಟುಕೊಂಡ ಬಿಳಿಚು ಕಲೆಯೋ ಸಿಗುವ ಸಾಧ್ಯತೆ ಹೆಚ್ಚು. ಕೆನ್ನೆಯ ಪ್ಯಾಡುಗಳನ್ನು, ಮೇಲಿನ ಬಟ್ಟೆಯನ್ನು ಕಳಚಿದ ಮೇಲೆ ಎಡಹಿಂಭಾಗದ ಥರ್ಮೊಕೋಲಿನಲ್ಲಿ ಕೂದಲೆಳೆಯಂಥ ಒಂದು ಸೀಳು ಕಂಡಿತು. ಅದರ ಸುತ್ತ ಮಣಿಗಳು ಚಪ್ಪಟೆಯಾಗಿ ಮೇಲ್ಮೈ ಹೊಳೆಯುತ್ತಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಬಲಬದಿಗಿಂತ ಮೆದು. ಅದನ್ನು ಮತ್ತೆ ಬಳಸುವುದಿಲ್ಲವೆಂದು ತೀರ್ಮಾನವಾಗಿದ್ದರಿಂದ ಸೂಜಿ ಚುಚ್ಚಿ ದಪ್ಪ ಅಳೆದೆವು: ಬಲಬದಿಯಲ್ಲಿ 34 ಮಿಲಿಮೀಟರ್, ಎಡಬದಿಯಲ್ಲಿ 29.

ಐದು ಮಿಲಿಮೀಟರ್ ಕಡಿಮೆಯಾದದ್ದು ಅಲ್ಪವೆನಿಸಬಹುದು. ಆದರೆ ಥರ್ಮೊಕೋಲ್ ಕುಸಿದ ಮೇಲೆ ದಪ್ಪದಲ್ಲಿ ಒಂದಿಷ್ಟನ್ನು ಮರಳಿ ಪಡೆಯುತ್ತದೆ, ಬಲವನ್ನು ಪಡೆಯುವುದಿಲ್ಲ. ಮುರಿದ ಗೂಡುಗಳು ಗಾಳಿ ತುಂಬಿಕೊಂಡು ಉಬ್ಬುತ್ತವೆ, ಗೋಡೆಗಳು ಮುರಿದಂತೆಯೇ ಇರುತ್ತವೆ. ಹಾಗಾಗಿ ನಿಜವಾಗಿ ಕುಸಿದದ್ದು ಐದಕ್ಕಿಂತ ಹೆಚ್ಚೇ. ಎಷ್ಟೆಂದು ಮೇಲಿನ ಲೆಕ್ಕದಿಂದ ಅಂದಾಜಿಸಬಹುದು. ಸೆಕೆಂಡಿಗೆ 5.4 ಮೀಟರ್ ವೇಗದ ಬೀಳುವಿಕೆಯ ಶಕ್ತಿ 7.5ರ ಪರೀಕ್ಷೆಯ ಶಕ್ತಿಯ ಅರ್ಧಕ್ಕಿಂತ ತುಸು ಹೆಚ್ಚು. ಪರೀಕ್ಷೆಯಲ್ಲಿ 23 ಮಿಲಿಮೀಟರ್ ಖರ್ಚಾಗುವುದಾದರೆ ಇಲ್ಲಿ ಸುಮಾರು 12 ಖರ್ಚಾಗಿರಬೇಕು. ಆ ಜಾಗದಲ್ಲಿ ಉಳಿದದ್ದು 11. ಮುಂದೆಂದಾದರೂ ಅದೇ ಜಾಗಕ್ಕೆ ಪರೀಕ್ಷೆಯಷ್ಟು ಪೆಟ್ಟು ಬಿದ್ದರೆ ಸರಾಸರಿ ಆಘಾತವೇ 260 ಜಿ ಆಗುತ್ತದೆ. ಶಿಖರ ಮಿತಿಯನ್ನು ದಾಟಿಹೋಗಿರುತ್ತದೆ. ಇದು ಸರಳಗೊಳಿಸಿದ ಲೆಕ್ಕವೆಂಬುದನ್ನು ಒಪ್ಪುತ್ತೇನೆ. ಚಿಪ್ಪು ಹರಡುವ ಭಾರ, ಕತ್ತು ಭುಜಗಳು ಹಂಚಿಕೊಂಡ ಪಾಲು ಇದರಲ್ಲಿ ಸೇರಿಲ್ಲ. ಆದರೂ ಹೊರಗೆ ಗೀರು ಮಾತ್ರ ಕಂಡ ಹೆಲ್ಮೆಟ್ ಒಳಗೆ ಅರ್ಧ ಮುಗಿದಿತ್ತು ಎಂಬುದಕ್ಕೆ ಸೂಜಿ ಮತ್ತು ಲೆಕ್ಕ ಎರಡೂ ಒಂದೇ ದಿಕ್ಕಿನಲ್ಲಿವೆ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಅಮೆರಿಕದ ಡಾಟ್ ಮಾನದಂಡದಲ್ಲಿ ಒಂದೇ ಜಾಗಕ್ಕೆ ಎರಡು ಸಲ ಪೆಟ್ಟು ಕೊಟ್ಟು ಪರೀಕ್ಷಿಸುತ್ತಾರೆ. ಎರಡನೆಯದನ್ನೂ ಹೆಲ್ಮೆಟ್ ತಡೆಯಬೇಕು. ಹಾಗಿದ್ದ ಮೇಲೆ ಒಂದು ಪೆಟ್ಟಿಗೇ ಎಸೆಯುವುದೇಕೆ? ಇನ್ನೊಂದು ವಾದ, ಎರಡನೇ ಅಪಘಾತದ ಪೆಟ್ಟು ಅದೇ ಜಾಗಕ್ಕೆ ಬೀಳುವುದು ಅಪರೂಪ ಎಂಬುದು. ಎರಡರಲ್ಲೂ ಹುರುಳಿದೆ. ಎರಡು ಪೆಟ್ಟಿನ ಪರೀಕ್ಷೆ ಗೆಲ್ಲಲೆಂದು ಥರ್ಮೊಕೋಲನ್ನು ಬೇಕಾದ್ದಕ್ಕಿಂತ ಗಟ್ಟಿ ಮಾಡಬೇಕಾಗುತ್ತದೆ, ಅದರಿಂದ ಮೊದಲ ಪೆಟ್ಟೇ ಜೋರಾಗುತ್ತದೆ ಎಂದು ಟೀಕಿಸುವವರೂ ಇದ್ದಾರೆ. ಆದರೆ ಡಾಟ್ ಮಿತಿ 400 ಜಿ, ಇಸಿಇ ಮಿತಿಗಿಂತ ಬಹಳ ಸಡಿಲ. ಅದಕ್ಕಿಂತ ಮುಖ್ಯವಾಗಿ, ಪ್ರಯೋಗಾಲಯದಲ್ಲಿ ಮೊದಲ ಪೆಟ್ಟು ಎಷ್ಟು ದೊಡ್ಡದೆಂದು ಅಳತೆಯಿಂದ ಗೊತ್ತಿರುತ್ತದೆ. ರಸ್ತೆಯಲ್ಲಿ ಬಿದ್ದವರಿಗೆ ಅದು ಗೊತ್ತಿಲ್ಲ, ಎಷ್ಟು ಉಳಿದಿದೆ ಎಂದು ಹೆಲ್ಮೆಟ್ಟನ್ನು ಕೆಡಿಸದೆ ಅಳೆಯುವ ಸಾಧನವೂ ಅವರ ಬಳಿಯಿಲ್ಲ. ಆದ್ದರಿಂದ ನನ್ನ ತೀರ್ಮಾನ ಸರಳ: ತಲೆ ಒಳಗಿದ್ದಾಗ ಹೆಲ್ಮೆಟ್ ರಸ್ತೆಗೋ ವಾಹನಕ್ಕೋ ಬಡಿದಿದ್ದರೆ, ಹೊರಗೆ ಏನೇ ಕಾಣಲಿ ಕಾಣದಿರಲಿ, ಅದನ್ನು ಬದಲಿಸಬೇಕು.

ಖಾಲಿ ಹೆಲ್ಮೆಟ್ ಕೈಜಾರಿ ಬಿದ್ದರೆ? ಇಲ್ಲಿ ಹಲವರು ಅನಗತ್ಯವಾಗಿ ಹೆದರುತ್ತಾರೆ. 1.3 ಕಿಲೋ ತೂಕದ ಹೆಲ್ಮೆಟ್ ಸೀಟಿನೆತ್ತರದಿಂದ, ಅಂದರೆ 80 ಸೆಂಟಿಮೀಟರಿನಿಂದ ಬಿದ್ದರೆ ಶಕ್ತಿ ಸುಮಾರು 10 ಜೂಲ್. ಪರೀಕ್ಷೆಯಲ್ಲಿ ಐದು ಕಿಲೋದ ಕೃತಕ ತಲೆಯೊಂದೇ ಹೊತ್ತು ತರುವುದು 140 ಜೂಲ್. ಅದಕ್ಕಿಂತ ದೊಡ್ಡ ವ್ಯತ್ಯಾಸವೆಂದರೆ ಒಳಗಿನಿಂದ ಥರ್ಮೊಕೋಲನ್ನು ಅದುಮಲು ಅಲ್ಲಿ ತಲೆಯೇ ಇಲ್ಲ. ಹೆಲ್ಮೆಟ್ಟುಗಳನ್ನು ಪರೀಕ್ಷಿಸುವ ಅಮೆರಿಕದ ಸ್ನೆಲ್ ಪ್ರತಿಷ್ಠಾನವೂ ನಿಜವಾದ ಹಾನಿ ಸಾಮಾನ್ಯವಾಗಿ ತಲೆ ಒಳಗಿದ್ದು ಬಡಿದಾಗಲೇ ಆಗುವುದೆಂದು ಹೇಳುತ್ತದೆ. ಒಮ್ಮೆ ಬಿದ್ದದ್ದಕ್ಕೆ ಒಳಗಿನ ಬಟ್ಟೆಮೆತ್ತೆ ತೆಗೆದು ನೋಡಿ, ಚಿಪ್ಪಿಗೂ ಥರ್ಮೊಕೋಲಿಗೂ ನಡುವೆ ಬಿರುಕು ಬಿಟ್ಟಿದೆಯೇ, ಪಟ್ಟಿಯ ರಿವೆಟ್ ಸಡಿಲವಾಗಿದೆಯೇ, ಅಲುಗಿಸಿದರೆ ಒಳಗೆ ಗಲಗಲ ಸದ್ದು ಬರುತ್ತದೆಯೇ ಎಂದು ಪರೀಕ್ಷಿಸಿದರೆ ಸಾಕು.

ಬೀಳದೆಯೂ ಹಾಳಾಗುವ ದಾರಿಗಳಿವೆ. ಗಾಡಿಯ ಕನ್ನಡಿಗೆ ದಿನವೂ ತೂಗುಹಾಕಿದರೆ ಅದರ ಅಂಚು ಒಳಗಿನ ಥರ್ಮೊಕೋಲನ್ನು ಒಂದೇ ಕಡೆ ಒತ್ತಿ ಗುಳಿ ಮಾಡುತ್ತದೆ; ಪೆಟ್ರೋಲು, ಥಿನ್ನರ್ ತಾಗಿದರೆ ಥರ್ಮೊಕೋಲ್ ಕರಗುತ್ತದೆ. ಟ್ಯಾಂಕಿನ ಮುಚ್ಚಳ ತೆಗೆದಿಟ್ಟು ಅದರ ಪಕ್ಕದಲ್ಲೇ ಹೆಲ್ಮೆಟ್ಟನ್ನು ಮಗುಚಿಡುವ ಅಭ್ಯಾಸ ಬಂಕುಗಳಲ್ಲಿ ದಿನವೂ ಕಾಣುವಂಥದ್ದು. ಬಣ್ಣದ ಗೀರು ಅಳಿಸಲು ಥಿನ್ನರ್ ಹಚ್ಚಿ ಒರೆಸಿದರೆ ಪಾಲಿಕಾರ್ಬೊನೇಟ್ ಚಿಪ್ಪಿನಲ್ಲಿ ಸಣ್ಣ ಬಿರುಕುಗಳು ಹುಟ್ಟುತ್ತವೆ. ಸೋಪು ನೀರು ಸಾಕು. ವಯಸ್ಸಿನ ವಿಷಯದಲ್ಲಿ ಸ್ನೆಲ್ ಪ್ರತಿಷ್ಠಾನ ಐದು ವರ್ಷಕ್ಕೊಮ್ಮೆ ಬದಲಿಸಲು ಸೂಚಿಸುತ್ತದೆ. ಐದನೇ ವರ್ಷದ ಮರುದಿನ ಹೆಲ್ಮೆಟ್ ಕೆಡುತ್ತದೆಂದು ಇದರ ಅರ್ಥವಲ್ಲ. ಬೆವರು, ತಲೆಗೆ ಹಚ್ಚಿದ ಎಣ್ಣೆ, ಅಂಟುಗಳ ಸವಕಳಿ, ಪಟ್ಟಿಯ ಹಿಂಜಿಕೆ, ನಡುವೆ ಸುಧಾರಿಸಿದ ಮಾನದಂಡಗಳು ಇವೆಲ್ಲವನ್ನೂ ಕೂಡಿಸಿ ಹಾಕಿದ ಅಂದಾಜು ಅದು. ಕೊಂಡ ದಿನಾಂಕದ ಬದಲು ಹೆಲ್ಮೆಟ್‌ನೊಳಗಿನ ಚೀಟಿಯಲ್ಲಿ ಅಚ್ಚಾಗಿರುವ ತಯಾರಿಕೆಯ ತಿಂಗಳು, ವರ್ಷದಿಂದ ಎಣಿಸಬೇಕು. ಅಂಗಡಿಯ ಕಪಾಟಿನಲ್ಲೇ ಎರಡು ವರ್ಷ ಕಳೆದದ್ದು ರಿಯಾಯಿತಿ ಬೆಲೆಗೆ ಸಿಗಬಹುದು.

ಅಪಘಾತದ ಹೆಲ್ಮೆಟ್ಟನ್ನು ತಕ್ಷಣ ಎಸೆಯಬಾರದು. ವಿಮೆಯ ತಕರಾರು ಮುಗಿಯುವವರೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಪೆಟ್ಟು ಬಿದ್ದ ಜಾಗದ ಫೋಟೋವನ್ನು ವೈದ್ಯರಿಗೆ ತೋರಿಸಿದರೆ ತಲೆಯ ಯಾವ ಭಾಗಕ್ಕೆ ಬಡಿಯಿತೆಂದು ಅವರಿಗೆ ನೇರವಾಗಿ ತಿಳಿಯುತ್ತದೆ. ಆಮೇಲೆ ಗುಜರಿಗೆ ಹಾಕುವ ಮುನ್ನ ಎರಡೂ ಬದಿಯ ಪಟ್ಟಿಗಳನ್ನು ಬುಡದಲ್ಲೇ ಕತ್ತರಿಸಿ, ಥರ್ಮೊಕೋಲನ್ನು ಹೊರಗೆಳೆದು ಮುರಿದು ಹಾಕಬೇಕು. ಶಿಕ್ಷಕರ ಹೆಲ್ಮೆಟ್ಟನ್ನು ಹಾಗೆಯೇ ಕೊಟ್ಟಿದ್ದರೆ, ಗೀರಿನ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿ ಯಾರಾದರೂ ಅದನ್ನು ಮಾರಬಹುದಿತ್ತು, ಕೊಂಡವರಿಗೆ ಐಎಸ್‌ಐ ಗುರುತು, ಜೀವಂತ ಪರವಾನಗಿ ಸಂಖ್ಯೆ ಎರಡೂ ಸರಿಯಾಗಿಯೇ ಸಿಗುತ್ತಿದ್ದವು.